ಕಟಿಂಗ್ ನಿಲ್ಲಿಸೋಕೆ ಫೋನು, ಲೆಕ್ಕಕ್ಕೆ ಮೇಲ್

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ಆಫೀಸಿನ ಕೆಲಸಕ್ಕೆ ಆರು ಮಂದಿ: ಯಜಮಾನರು, ಆರ್ಡರ್ ನೋಡಿಕೊಳ್ಳೋ ನಾನು, ಕಟಿಂಗ್ ಮಾಸ್ಟರ್, ಹೊಲಿಗೆ ಸೂಪರ್‌ವೈಸರ್, ವಾಷಿಂಗಿಗೆ ಓಡಾಡೋ ಹುಡುಗ, ಅಕೌಂಟ್ಸ್ ಮೇಡಂ. ಮೊದಲು ಎಲ್ಲವೂ ಒಂದೇ ವಾಟ್ಸಾಪ್ ಗ್ರೂಪಿಗೆ ಬೀಳುತ್ತಿತ್ತು. ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಸೈಜ್ ರೇಷಿಯೊ, ಅದರ ಕೆಳಗೆ ಲಾರಿ ನಂಬರು.

ಈಗ ಯಾವ ಸುದ್ದಿ ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸೋಕೆ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬಿಲ್ ಮಾಡುವಾಗ ಇದನ್ನು ಮತ್ತೆ ತೆಗೆದು ನೋಡಬೇಕಾಗುತ್ತದಾ? ಹಾಗಿದ್ದರೆ ಮೇಲ್. ಇದು ತಡವಾಗಿ ತಲುಪಿದರೆ ಬಟ್ಟೆ ಹಾಳಾಗುತ್ತದಾ? ಹಾಗಿದ್ದರೆ ಫೋನು. ಎರಡೂ ಅಲ್ಲದ್ದು ಗ್ರೂಪಿಗೆ. ಕಷ್ಟ ಬರೋದು ಎರಡಕ್ಕೂ ಹೌದು ಅನ್ನಿಸುವ ಸುದ್ದಿಯಲ್ಲಿ. ನಮ್ಮಲ್ಲಿ ಅಂಥದ್ದು ಅಂದರೆ ನಡುವೆ ಬದಲಾಗುವ ಆರ್ಡರ್.

ಒಂದು ಉದಾಹರಣೆ ಹೇಳುತ್ತೇನೆ. 600 ಪೀಸಿನ ಆರ್ಡರ್. 28, 30, 32, 34, 36 ಸೈಜುಗಳಿಗೆ ರೇಷಿಯೊ 1:2:3:2:2. ಅಂದರೆ ಬಟ್ಟೆ ಮೇಲೆ ಇಡೋ ಕಟಿಂಗ್ ನಕ್ಷೆಯಾದ ಒಂದು ಮಾರ್ಕರಿನಲ್ಲಿ 10 ಪ್ಯಾಂಟು ಕೂರಿಸಿ, ಬಟ್ಟೆ 60 ಪದರ ಹಾಸಿ, ಒಮ್ಮೆಗೇ ಕತ್ತರಿಸೋದು. ಮಾಸ್ಟರ್ ಹೀಗೆ ಪದರ ಹಾಸಿ ಲೇ ಹಾಕಿಸುತ್ತಿರುವಾಗ ಆರ್ಡರ್ ಕೊಟ್ಟ ಪಾರ್ಟಿಯಿಂದ ನನ್ನ ಮೊಬೈಲಿಗೆ ಮೆಸೇಜ್ ಬಂತು: 36 ಕಡಿಮೆ ಮಾಡಿ, 30 ಜಾಸ್ತಿ ಮಾಡಿ, 1:3:3:2:1. ಲೆಕ್ಕ ಹಾಕಿದರೆ 36ರಲ್ಲಿ 60 ಪೀಸ್ ಇಳಿದು, 30ರಲ್ಲಿ 60 ಏರಬೇಕು. ಹಾಸಿದ ಬಟ್ಟೆಗೆ ಏನೂ ಆಗಿಲ್ಲ, ಮಾರ್ಕರ್ ಮಾತ್ರ ಹೊಸದಾಗಿ ಬರೆಯಬೇಕು. ಆದರೆ ಒಮ್ಮೆ ಮಷೀನ್ ಹಚ್ಚಿದರೆ ಮುಗೀತು.

ಇಂಥಾ ಹೊತ್ತಿನಲ್ಲಿ ಗ್ರೂಪಿಗೆ ಹಾಕಿದರೆ ಯಾರೂ ನೋಡೋದಿಲ್ಲ; ಕಟಿಂಗ್ ಟೇಬಲ್ ಹತ್ತಿರ ಕೈಯಲ್ಲಿ ಮೊಬೈಲ್ ಇರೋದಿಲ್ಲ. ಫೋನ್ ಹಚ್ಚಿದೆ.

“ಮಾಸ್ಟರ್, ಮಷೀನ್ ಹಚ್ಚಬ್ಯಾಡ್ರಿ. ರೇಷಿಯೊ ಬದ್ಲಾಗೇತಿ.”

“ಇನ್ನೂ ಲೇ ಹಾಕಾಕತ್ತೀವ್ರಿ. ನಿಲ್ಲಸ್ತೀನಿ.”

ಗಮನಿಸಿ, ಹೊಸ ರೇಷಿಯೊ ಏನು ಅಂತ ಫೋನಿನಲ್ಲಿ ಹೇಳಲಿಲ್ಲ. ಫೋನು ಕೆಲಸ ನಿಲ್ಲಿಸೋಕೆ ಮಾತ್ರ. ಮಷೀನಿನ ಸದ್ದಿನಲ್ಲಿ ಐದು ಅಂಕಿ ಹೇಳಿದರೆ ಒಂದಾದರೂ ಬೇರೆ ಕೇಳಿಸುತ್ತದೆ, ಆಮೇಲೆ ನೀವು ಅಂದಿರಿ, ನಾನು ಅನ್ನಲಿಲ್ಲ ಅಂತ ಜಗಳ. ಪಾರ್ಟಿಗೆ, “ಸರ್, ಇದನ್ನೇ ಮೇಲ್‌ನಲ್ಲಿ ಕಳಿಸಿ, ಬಂದ ಕೂಡಲೇ ಕಟಿಂಗ್ ಶುರು” ಅಂದೆ. ಮೊದಮೊದಲು ಕೆಲವರು ಮುನಿಸಿಕೊಂಡರು. ಬಟ್ಟೆ ಕಾಯುತ್ತಿದೆ ಅಂದರೆ ಕಳಿಸುತ್ತಾರೆ. ವಾಟ್ಸಾಪಿನಲ್ಲಿ ಬರೆದಿದ್ದನ್ನು 15 ನಿಮಿಷದೊಳಗೆ ತಿದ್ದಬಹುದು, ಆಮೇಲೆ ಅಳಿಸಲೂಬಹುದು. ಪೀಸು, ರೇಟು, ಡೆಲಿವರಿ ತಾರೀಖು ಮೂರನ್ನೂ ಅದರ ಮೇಲೆ ಬಿಡೋಕೆ ನನಗೆ ಧೈರ್ಯವಿಲ್ಲ.

ಮೇಲ್ ಹಳೆಯ ಆರ್ಡರಿನ ಮೇಲ್‌ಗೇ ರಿಪ್ಲೈ ಆಗಿರಬೇಕು. ವಿಷಯದ ಸಾಲನ್ನು ಬದಲಿಸಿದರೆ ಜಿಮೇಲ್‌ನಲ್ಲಿ ಅದು ಬೇರೆ ಸರಣಿಯಾಗಿ ಒಡೆದು, ಹಳೆಯ ರೇಷಿಯೊ ಒಂದು ಕಡೆ, ಹೊಸದು ಇನ್ನೊಂದು ಕಡೆ ಉಳಿಯುತ್ತದೆ. ಆದ್ದರಿಂದ ವಿಷಯ ಮುಟ್ಟದೆ, ಒಳಗಿನ ಮೊದಲ ಸಾಲಿನಲ್ಲೇ “ತಿದ್ದುಪಡಿ 1, ಹಿಂದಿನ ರೇಷಿಯೊ ರದ್ದು” ಅಂತ ಬರೆದು, ಸೈಜ್‌ವಾರು ಪೀಸು ಕೊಡುತ್ತೇವೆ: 60, 180, 180, 120, 60. ಮಾಸ್ಟರ್ ಮೇಲ್ ತೆಗೆಯೋರಲ್ಲ, ತೆಗೆಯಬೇಕು ಅಂತ ನಾನು ಹಟವೂ ಹಿಡಿಯೋದಿಲ್ಲ. ಪ್ರಿಂಟ್ ತೆಗೆದು ಟೇಬಲ್ ಮೇಲೆ ಅಂಟಿಸಿ, ಹಳೆಯ ಹಾಳೆ ಹರಿದು ಹಾಕುತ್ತೇವೆ. ಅವರು ಹೊಸ ಹಾಳೆಯನ್ನು ಓದಿ ಹೇಳಿದ ಮೇಲೆ ಗ್ರೂಪಿನಲ್ಲಿ ಒಂದೇ ಸಾಲು: “ತಿದ್ದುಪಡಿ 1 ಪ್ರಕಾರ ಕಟಿಂಗ್ ಶುರು.”

ಹಾಗಂತ ಗ್ರೂಪ್ ಕಡೆಗಣಿಸೋ ಜಾಗ ಅಲ್ಲ. ಲಾರಿ ನಂಬರು ಅಲ್ಲಿಗೇ ಬರಬೇಕು. ಸಾಮಾನ್ಯವಾಗಿ 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ ಬೇಕು, ಅದರ ‘ಭಾಗ ಬಿ’ಯಲ್ಲಿ ಗಾಡಿ ನಂಬರು ತುಂಬಬೇಕು. ಫೋನಿನಲ್ಲಿ ಹೇಳಿದರೆ ಬಿ, ಡಿ, ಪಿ ಮೂರೂ ಒಂದೇ ಥರ ಕೇಳುತ್ತವೆ. ಹುಡುಗ ನಂಬರ್ ಪ್ಲೇಟಿನ ಫೋಟೋ ಹಾಕುತ್ತಾನೆ, ಮೇಡಂ ನೋಡಿ ತುಂಬುತ್ತಾರೆ. ನಾಳೆಗೆ ಆ ಫೋಟೋ ಯಾರಿಗೂ ಬೇಡ. ವಾಯ್ಸ್ ಮೆಸೇಜ್ ಮಾತ್ರ ನಿಲ್ಲಿಸಿದ್ದೇವೆ; ಆಮೇಲೆ ಅದರೊಳಗಿಂದ ಒಂದು ನಂಬರು ಹುಡುಕಬೇಕಾದರೆ ಎಲ್ಲವನ್ನೂ ಕೂತು ಕೇಳಬೇಕು.

ಮೂರಕ್ಕೂ ಬಗ್ಗದ ವಿಷಯ ಒಂದಿದೆ: ವಾಷಿಂಗಿನ ಶೇಡು. ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೋ ಒಂದು ನೀಲಿ, ಬಿಸಿಲಿನಲ್ಲಿ ತೆಗೆದದ್ದು ಇನ್ನೊಂದು ನೀಲಿ, ಪಾರ್ಟಿಯ ಮೊಬೈಲಿನಲ್ಲಿ ಮೂರನೆಯದು. ಅದಕ್ಕೆ ವಾಷ್ ಆದ ಒಂದು ಪ್ಯಾಂಟಿನ ಕಾಲನ್ನೇ ಕತ್ತರಿಸಿ, ಎರಡು ತುಂಡು ಮಾಡಿ, ಒಂದನ್ನು ನಮ್ಮ ಫೈಲಿಗೆ ಪಿನ್ ಹೊಡೆದು, ಇನ್ನೊಂದನ್ನು ರಾತ್ರಿ ಬಸ್ಸಿನ ಪಾರ್ಸೆಲ್‌ಗೆ ಕೊಡುತ್ತೇವೆ. ಅವರು ಒಪ್ಪಿದೆವು ಅಂತ ಬರೆಯೋದು ಮಾತ್ರ ಮೇಲ್‌ನಲ್ಲಿ.