ಫೋನ್ ತಾಗಿಸಿ ಹಣ ಕೊಡುವುದು: ಜೋಡಿಸುವುದು, ಫೋನ್ ಕಳೆದರೆ ತಡೆಯುವುದು, ಬೇಡವೆಂದರೆ ನಿಲ್ಲಿಸುವುದು

ಅಂಗಡಿಯ ಸ್ವೈಪಿಂಗ್ ಮಷೀನಿಗೆ ಕಾರ್ಡ್ ಬದಲು ಫೋನನ್ನೇ ಹಿಡಿದು ಹಣ ಕೊಡಬಹುದು. ಇದನ್ನು ಶುರು ಮಾಡಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಫೋನ್ ಕಳೆದುಹೋದರೆ ಕಾರ್ಡೂ ಹೋದ ಹಾಗೇ ಅಲ್ವಾ?

ಅಲ್ಲ. ಯಾಕೆಂದರೆ ಫೋನಿನೊಳಗೆ ನಿಮ್ಮ ಕಾರ್ಡ್ ನಂಬರ್ ಇರುವುದೇ ಇಲ್ಲ. ಕಾರ್ಡ್ ಜೋಡಿಸಿದಾಗ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದ ಕಾರ್ಡ್ ಸಂಸ್ಥೆ ಅದಕ್ಕೊಂದು ಬದಲಿ ನಂಬರ್ ಕೊಡುತ್ತದೆ. ಅದಕ್ಕೆ ಟೋಕನ್ ಎನ್ನುತ್ತಾರೆ. ಆ ಟೋಕನ್ ಆ ಒಂದು ಫೋನಿನಲ್ಲಿ ಮಾತ್ರ ನಡೆಯುತ್ತದೆ. ಪ್ರತಿ ಸಲ ಫೋನ್ ತಾಗಿಸಿದಾಗ ಟೋಕನ್ ಜೊತೆ ಒಂದು ಗುಪ್ತ ಸಂಕೇತವೂ ಹೋಗುತ್ತದೆ, ಆ ಸಂಕೇತ ಇನ್ನೊಂದು ಸಲಕ್ಕೆ ಬರುವುದಿಲ್ಲ. ಹಾಗಾಗಿ ಯಾರಾದರೂ ನಡುವೆ ಕದ್ದು ಕೇಳಿಸಿಕೊಂಡರೂ ಅದರಿಂದ ಮತ್ತೊಮ್ಮೆ ಹಣ ಎಳೆಯಲು ಆಗುವುದಿಲ್ಲ. ಅದೇ ಕಾರ್ಡನ್ನು ಎರಡು ಫೋನಿಗೆ ಹಾಕಿದರೆ ಎರಡು ಬೇರೆ ಬೇರೆ ಟೋಕನ್ ಸಿಗುತ್ತವೆ. ಕಳೆದದ್ದರ ಟೋಕನ್ ಮಾತ್ರ ರದ್ದು ಮಾಡಿದರೆ ಸಾಕು, ಪರ್ಸಿನಲ್ಲಿರುವ ಕಾರ್ಡ್ ಎಂದಿನಂತೆ ನಡೆಯುತ್ತದೆ. ಮುಂದೆ ಹೇಳುವುದೆಲ್ಲ ನಿಂತಿರುವುದು ಈ ಒಂದು ವಿಷಯದ ಮೇಲೆ.

ಜೋಡಿಸುವುದು

ಇಲ್ಲಿ ಆಂಡ್ರಾಯ್ಡ್ ಫೋನು ಮತ್ತು ಗೂಗಲ್ ಪೇ ಇಟ್ಟುಕೊಂಡು ಹೇಳುತ್ತೇನೆ. ಸ್ಯಾಮ್‌ಸಂಗ್ ಫೋನಿನವರಿಗೆ ಸ್ಯಾಮ್‌ಸಂಗ್ ವಾಲೆಟ್ ಇದೆ. ಅದರಲ್ಲೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಫೋನಿನಲ್ಲಿ ಎನ್‌ಎಫ್‌ಸಿ ಇದೆಯಾ ನೋಡಿ. ಫೋನು ತೀರಾ ಹತ್ತಿರದ ಮಷೀನಿನ ಜೊತೆ ತಂತಿಯಿಲ್ಲದೆ ಮಾತಾಡುವುದು ಇದರಿಂದಲೇ. ನಮ್ಮಲ್ಲಿ ಮಾರುವ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಇದು ಇರುವುದಿಲ್ಲ. `Settings` ತೆರೆದು ಮೇಲಿನ ಹುಡುಕುವ ಜಾಗದಲ್ಲಿ `NFC` ಎಂದು ಬರೆಯಿರಿ. ಏನೂ ಬರದಿದ್ದರೆ ಆ ಫೋನಿನಲ್ಲಿ ಈ ಸೌಲಭ್ಯ ಇಲ್ಲ, ಯಾವ ಆ್ಯಪ್ ಹಾಕಿದರೂ ಬರುವುದಿಲ್ಲ. ಬಂದರೆ ಆನ್ ಮಾಡಿ. ಅಲ್ಲೇ ಹತ್ತಿರದಲ್ಲಿ `Require device unlock for NFC` ಎಂಬ ಗುಂಡಿ ಕಂಡರೆ ಅದನ್ನೂ ಆನ್ ಮಾಡಿ. ಆಗ ಲಾಕ್ ತೆಗೆಯದೆ ಫೋನ್ ತಾಗಿಸಿದರೆ ಹಣ ಹೋಗುವುದಿಲ್ಲ. ಸ್ಕ್ರೀನ್ ಲಾಕ್ ಇಲ್ಲದಿದ್ದರೆ ಈಗಲೇ ಇಟ್ಟುಕೊಳ್ಳಿ. ಅದಿಲ್ಲದೆ ಕಾರ್ಡ್ ಜೋಡಣೆಯೇ ಆಗುವುದಿಲ್ಲ. 1234, ಹುಟ್ಟಿದ ವರ್ಷ ಇಂಥವು ಬೇಡ. ಕಳ್ಳನಿಗೂ ನಿಮ್ಮ ದುಡ್ಡಿಗೂ ನಡುವೆ ಇರುವ ಬಾಗಿಲು ಇದೇ.

ಆಮೇಲೆ ಗೂಗಲ್ ಪೇ ತೆರೆದು ನಿಮ್ಮ ಫೋಟೋ ಒತ್ತಿ, ಪಾವತಿ ವಿಧಾನಗಳ ಪಟ್ಟಿಗೆ ಹೋಗಿ, ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್ ಸೇರಿಸುವುದನ್ನು ಆರಿಸಿ. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಸಿವಿವಿ ಕೊಟ್ಟ ಮೇಲೆ ಬ್ಯಾಂಕಿನಿಂದ ಒಟಿಪಿ ಬರುತ್ತದೆ. ಅದನ್ನು ಹಾಕಿದಾಗ ಟೋಕನ್ ತಯಾರಾಗುತ್ತದೆ. ಎಲ್ಲ ಬ್ಯಾಂಕಿನ ಎಲ್ಲ ಕಾರ್ಡೂ ಸೇರುವುದಿಲ್ಲ. ಸೇರದಿದ್ದರೆ ಆ್ಯಪ್ ಆಗಲೇ ಹೇಳಿಬಿಡುತ್ತದೆ. ಇದಕ್ಕೆ ನಿಮ್ಮಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕ್ 2019ರ ಜನವರಿಯಲ್ಲೇ ಹೇಳಿದೆ. ಕೊನೆಗೆ `Settings` ಒಳಗೆ `Contactless payments` ಎಂಬಲ್ಲಿ ಗೂಗಲ್ ಪೇ ಆಯ್ಕೆಯಾಗಿದೆಯಾ ನೋಡಿ.

ಇಷ್ಟಾದರೂ ಅಂಗಡಿಯಲ್ಲಿ ಹಣ ಹೋಗದೆ ಬೇಸರಪಡುವವರಿದ್ದಾರೆ. ಕಾರಣ ಹೆಚ್ಚಾಗಿ ಬ್ಯಾಂಕಿನ ಕಡೆ ಇರುತ್ತದೆ. 2020ರ ನಿಯಮದ ಪ್ರಕಾರ ಹೊಸ ಕಾರ್ಡ್ ಬರುವಾಗ ತಾಗಿಸಿ ಹಣ ಕೊಡುವ ಸೌಲಭ್ಯ ಆಫ್ ಆಗಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ನಿರ್ವಹಿಸುವ ಪುಟಕ್ಕೆ ಹೋಗಿ `Contactless` ಎದುರಿನ ಗುಂಡಿ ಆನ್ ಮಾಡಬೇಕು. ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಎಂಬ ಮಿತಿಯನ್ನೂ ಅಲ್ಲೇ ಇಡಬಹುದು. ದಿನಸಿ, ಪೆಟ್ರೋಲ್‌ಗೆ ಮಾತ್ರ ಬಳಸುವವರು ಮಿತಿಯನ್ನು ಸುಮ್ನೆ ಜಾಸ್ತಿ ಇಡುವುದರಲ್ಲಿ ಅರ್ಥವಿಲ್ಲ.

ಅಂಗಡಿಯಲ್ಲಿ

ಅಂಗಡಿಯವರು ಮೊತ್ತ ಒತ್ತಿದ ಮೇಲೆ ಮಷೀನಿನ ಪರದೆ ನೋಡಿ. ಮೊತ್ತ ಸರಿ ಇದ್ದರೆ ಫೋನಿನ ಲಾಕ್ ತೆಗೆದು, ಅದರ ಬೆನ್ನನ್ನು ಮಷೀನಿನ ಅಲೆ ಗುರುತಿನ ಹತ್ತಿರ ಹಿಡಿಯಿರಿ. ಎನ್‌ಎಫ್‌ಸಿ ಕೆಲಸ ಮಾಡುವುದು ನಾಲ್ಕೈದು ಸೆಂಟಿಮೀಟರ್ ಒಳಗೆ ಮಾತ್ರ. ಟಪ್ಪೆಂದು ಬಡಿದು ತೆಗೆಯಬೇಡಿ, ಫೋನಿನಲ್ಲಿ ಸರಿ ಗುರುತು ಬರುವವರೆಗೆ ಹಿಡಿದಿರಿ. 5,000 ರೂಪಾಯಿವರೆಗೆ ಪಿನ್ ಇಲ್ಲದೆ ಆಗಬಹುದು. ಅದಕ್ಕಿಂತ ಮೇಲಾದರೆ ಕಾರ್ಡಿನ ಪಿನ್ ಕೇಳುತ್ತದೆ. ಯುಪಿಐ ಪಿನ್ ಅಲ್ಲ, ಎಟಿಎಂನಲ್ಲಿ ಒತ್ತುತ್ತೀರಲ್ಲ ಅದು.

ಫೋನಿನ ಕವರ್ ಒಳಗೆ ಮೆಟ್ರೋ ಕಾರ್ಡನ್ನೋ ಬ್ಯಾಂಕ್ ಕಾರ್ಡನ್ನೋ ಸಿಕ್ಕಿಸಿಡುವ ಅಭ್ಯಾಸ ಬಹಳ ಜನಕ್ಕಿದೆ. ತಾಗಿಸುವಾಗ ಮಷೀನ್ ಎರಡನ್ನೂ ಕಂಡು ಗೊಂದಲಕ್ಕೆ ಬೀಳುತ್ತದೆ, ಇಲ್ಲವೇ ಕವರಿನಲ್ಲಿದ್ದ ಕಾರ್ಡಿನಿಂದಲೇ ಹಣ ಹೋಗುತ್ತದೆ. ಅದನ್ನು ತೆಗೆದಿಡಿ. ಅಯಸ್ಕಾಂತ ಅಂಟಿಸಿದ ಕವರ್ ಕೂಡ ತೊಂದರೆ ಕೊಡುತ್ತದೆ.

ರಸೀದಿಯಲ್ಲಿ ಬರುವ ಕೊನೆಯ ನಾಲ್ಕು ಅಂಕಿ ನಿಮ್ಮ ಕಾರ್ಡಿನದ್ದಲ್ಲದಿದ್ದರೆ ಗಾಬರಿಯಾಗಬೇಡಿ. ಅದು ಟೋಕನ್ನಿನದ್ದಾಗಿರುತ್ತದೆ. ವಸ್ತು ವಾಪಸ್ ಕೊಟ್ಟು ಹಣ ಕೇಳುವಾಗ ಈ ಅಂಕಿಗಳೇ ಬೇಕಾಗುತ್ತವೆ. ಆ್ಯಪ್‌ನಲ್ಲಿ ಆ ಕಾರ್ಡಿನ ವಿವರ ತೆರೆದರೆ ಅವು ಕಾಣುತ್ತವೆ.

ಫೋನ್ ಕಳೆದರೆ

ಒಬ್ಬರು ರಾತ್ರಿ ಎಂಟಕ್ಕೆ ಮೈಸೂರಿನ ಬಸ್ಸಿನಿಂದ ಬೆಂಗಳೂರಿನ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದರು ಅಂದುಕೊಳ್ಳಿ. ಜೇಬಿನಲ್ಲಿ ಫೋನಿಲ್ಲ, ಪರ್ಸ್ ಇದೆ. ಪಕ್ಕದವರ ಫೋನಿನಿಂದ ತಮ್ಮ ನಂಬರಿಗೆ ಕರೆ ಮಾಡಿದರೆ ಸ್ವಿಚ್ ಆಫ್ ಎಂದು ಬರುತ್ತಿದೆ. ಈಗ ಏನು ಮಾಡಬೇಕು?

ಲಾಕ್ ಗಟ್ಟಿ ಇದ್ದರೆ ಕಳ್ಳ ಆ ಫೋನನ್ನು ಯಾವ ಮಷೀನಿಗೆ ಹಿಡಿದರೂ ಹಣ ಹೋಗುವುದಿಲ್ಲ. ಆತ ಸುಲಭವಾಗಿ ಮಾಡಬಹುದಾದ ಕೆಲಸ ಬೇರೆ: ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕುವುದು. ಆಗ ಒಟಿಪಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ಅದಕ್ಕೇ ಮೊದಲ ಕರೆ ಸಿಮ್ ಕಂಪನಿಗೆ, ಸಿಮ್ ನಿಲ್ಲಿಸಲು. ಮುಂದೆ ಡೂಪ್ಲಿಕೇಟ್ ಸಿಮ್ ಪಡೆದ ಮೇಲೆ ಸಾಮಾನ್ಯವಾಗಿ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಒಟಿಪಿ ಬರಲಿಲ್ಲ ಎಂದು ಹೆದರಬೇಕಿಲ್ಲ.

ಎರಡನೆಯ ಕರೆ ಬ್ಯಾಂಕಿಗೆ. ಪರ್ಸಿನಲ್ಲಿರುವ ಕಾರ್ಡಿನ ಬೆನ್ನ ಮೇಲೆಯೇ ನಂಬರ್ ಇರುತ್ತದೆ. ಗೂಗಲ್‌ನಲ್ಲಿ ಹುಡುಕಬೇಡಿ, ಬ್ಯಾಂಕಿನ ಹೆಸರಲ್ಲಿ ಸುಳ್ಳು ನಂಬರ್ ಹಾಕಿ ಕಾಯುವವರಿದ್ದಾರೆ. ಕರೆ ಎತ್ತಿದವರಿಗೆ ಹೀಗೆ ಹೇಳಿ: "ಕಾರ್ಡ್ ನನ್ನ ಹತ್ತಿರವೇ ಇದೆ. ಫೋನ್ ಕಳೆದಿದೆ. ಆ ಫೋನಿನಲ್ಲಿರುವ ಟೋಕನ್ ರದ್ದು ಮಾಡಿ. ಯುಪಿಐ, ಮೊಬೈಲ್ ಬ್ಯಾಂಕಿಂಗ್ ಕೂಡ ನಿಲ್ಲಿಸಿ." ಹೀಗೆ ಬಿಡಿಸಿ ಹೇಳದಿದ್ದರೆ ಅವರು ಇಡೀ ಕಾರ್ಡನ್ನೇ ಬ್ಲಾಕ್ ಮಾಡಿಬಿಡಬಹುದು, ಆಮೇಲೆ ಹೊಸ ಕಾರ್ಡಿಗೆ ಕಾಯಬೇಕು. ಫೋನ್ ಕಳೆದದ್ದನ್ನು ತಿಳಿಸಲು ಗ್ರಾಹಕರಿಗೆ ಸುಲಭ ದಾರಿ ಇರಬೇಕು, ತಿಳಿಸಿದ ಕೂಡಲೇ ಟೋಕನ್ ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂಬುದು 2019ರ ಅದೇ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿದೆ. ಹಾಗಾಗಿ ಇದನ್ನು ಧೈರ್ಯವಾಗಿ ಕೇಳಿ. ಆದರೂ ಎದುರಿನವರಿಗೆ ಟೋಕನ್ ಅಂದರೆ ಏನೆಂದು ಗೊತ್ತಾಗದಿದ್ದರೆ ವಾದ ಬೇಡ, ಕಾರ್ಡನ್ನೇ ಬ್ಲಾಕ್ ಮಾಡಿಸಿ. ಕೆಲವು ದಿನದ ಅನನುಕೂಲ ಅಷ್ಟೆ.

ದೂರಿನ ನಂಬರ್ ಮತ್ತು ಕರೆ ಮಾಡಿದ ಹೊತ್ತು ಬರೆದಿಟ್ಟುಕೊಳ್ಳಿ. 2017ರ ಜುಲೈನ ರಿಸರ್ವ್ ಬ್ಯಾಂಕ್ ನಿಯಮದಂತೆ, ನಿಮ್ಮ ಅಜಾಗರೂಕತೆಯಿಂದ ಆದ ನಷ್ಟವಾಗಿದ್ದರೂ ಬ್ಯಾಂಕಿಗೆ ತಿಳಿಸಿದ ನಂತರ ಹೋಗುವ ಹಣದ ಹೊಣೆ ಬ್ಯಾಂಕಿನದು. ತಿಳಿಸುವ ಮುಂಚೆ ಹೋದದ್ದು ನಿಮ್ಮ ತಲೆಗೆ ಬರಬಹುದು. ಲಾಕ್ ಇಲ್ಲದ ಫೋನ್ ಕಳೆದವರಿಗೆ ಈ ಹೊತ್ತಿನ ಲೆಕ್ಕವೇ ಎಲ್ಲ.

ಮೂರನೆಯದು ಗೂಗಲ್‌ನ `Find Hub`. ಬೇರೆಯವರ ಫೋನಿನ ಬ್ರೌಸರಿನಲ್ಲಿ `google.com/android/find` ತೆರೆದು ನಿಮ್ಮ ಖಾತೆಯಿಂದ ಲಾಗಿನ್ ಆಗಿ. ಫೋನ್ ಎಲ್ಲಿದೆ ಎಂದು ನೋಡಬಹುದು, ದೂರದಿಂದಲೇ ಲಾಕ್ ಮಾಡಬಹುದು, ಎಲ್ಲವನ್ನೂ ಅಳಿಸಬಹುದು. ಅಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ, ಅಳಿಸಿದ ಮೇಲೆ ಫೋನನ್ನು ಇದರಿಂದ ಹುಡುಕಲು ಆಗುವುದಿಲ್ಲ.

ಇದೊಂದನ್ನೇ ಮಾಡಿ ಬ್ಯಾಂಕಿಗೆ ಕರೆ ಮಾಡದೆ ಕೂರುವವರಿದ್ದಾರೆ. ಅದು ಸಾಲದು. ನೀವು ಕಳಿಸಿದ ಅಳಿಸುವ ಆದೇಶ ಫೋನ್ ಆನ್ ಆಗಿ ಇಂಟರ್ನೆಟ್ ಸಿಕ್ಕಾಗ ಮಾತ್ರ ಅದನ್ನು ಮುಟ್ಟುತ್ತದೆ. ಆದರೆ ತಾಗಿಸಿ ಹಣ ಕೊಡಲು ಫೋನಿಗೆ ಆ ಕ್ಷಣ ಇಂಟರ್ನೆಟ್ ಬೇಕೆಂದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಒಂದಷ್ಟು ಸಲ ನಡೆಯುತ್ತದೆ. ಟೋಕನ್ ರದ್ದಾಗುವುದು ಬ್ಯಾಂಕ್ ಮತ್ತು ಕಾರ್ಡ್ ಸಂಸ್ಥೆಯ ಕಡೆ. ಅಲ್ಲಿ ರದ್ದಾದರೆ ಫೋನ್ ಆಫ್ ಇದ್ದರೂ, ಬ್ಯಾಟರಿ ಸತ್ತಿದ್ದರೂ ಲೆಕ್ಕಕ್ಕಿಲ್ಲ. ಮಷೀನ್ ಕೇಳಿದಾಗ ಉತ್ತರ ಇಲ್ಲ ಎಂದೇ ಬರುತ್ತದೆ.

ಮರುದಿನ ಬೆಳಗ್ಗೆ ಪೊಲೀಸ್ ದೂರು. ಬರೀ ಕಳೆದಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಆನ್‌ಲೈನ್‌ನಲ್ಲೇ ವರದಿ ಕೊಡಬಹುದು. ಕಳುವಾಗಿದ್ದರೆ ಠಾಣೆಗೇ ಹೋಗಿ. ಆ ದೂರಿನ ಪ್ರತಿ ಇಟ್ಟುಕೊಂಡು `ceir.gov.in`ನಲ್ಲಿ ಫೋನಿನ ಐಎಂಇಐ, ಅಂದರೆ ಆ ಫೋನಿನದ್ದೇ ಆದ ಗುರುತಿನ ನಂಬರ್, ಬ್ಲಾಕ್ ಮಾಡಿಸಿ. ಆಗ ಆ ಫೋನಿಗೆ ದೇಶದ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಐಎಂಇಐ ಫೋನಿನ ಡಬ್ಬಿ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ಈಗ ಫೋನ್ ಕೈಯಲ್ಲೇ ಇರುವವರು `*#06#` ಒತ್ತಿ ನೋಡಿ ಬರೆದಿಟ್ಟುಕೊಳ್ಳಿ. ನಿಮಗೆ ಗೊತ್ತಿಲ್ಲದೆ ಹಣ ಆಗಲೇ ಹೋಗಿದ್ದರೆ ಬೆಳಗಿನವರೆಗೆ ಕಾಯಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಫೋನ್ ವಾಪಸ್ ಸಿಕ್ಕಿತು ಅನ್ನಿ. ರದ್ದಾದ ಟೋಕನ್ ತಾನಾಗಿ ಜೀವ ಪಡೆಯುವುದಿಲ್ಲ. ಕಾರ್ಡನ್ನು ಮೊದಲಿನಿಂದ ಸೇರಿಸಬೇಕು, ಹೊಸ ಟೋಕನ್ ಬರುತ್ತದೆ.

ನಿಲ್ಲಿಸುವುದು

ಸ್ವಲ್ಪ ದಿನಕ್ಕೆ ಬೇಡ ಅನ್ನಿಸಿದರೆ ಎನ್‌ಎಫ್‌ಸಿ ಆಫ್ ಮಾಡಿದರೆ ಸಾಕು. ಪರದೆಯನ್ನು ಮೇಲಿನಿಂದ ಎಳೆದರೆ ಬರುವ ಗುಂಡಿಗಳಲ್ಲೇ ಅದು ಇರುತ್ತದೆ. ಆದರೆ ಟೋಕನ್ ಒಳಗೇ ಉಳಿದಿರುತ್ತದೆ, ಮತ್ತೆ ಆನ್ ಮಾಡಿದರೆ ಎಲ್ಲ ಮೊದಲಿನಂತೆ.

ಪೂರ್ತಿ ಬೇಡವೆಂದರೆ ಗೂಗಲ್ ಪೇಯಲ್ಲಿ ಆ ಕಾರ್ಡ್ ತೆರೆದು ತೆಗೆದುಹಾಕಿ. ಆ್ಯಪ್ ಅಳಿಸಿದರೆ ಆಯಿತು ಅಂದುಕೊಳ್ಳಬೇಡಿ, ಮೊದಲು ಕಾರ್ಡ್ ತೆಗೆಯಿರಿ, ಆಮೇಲೆ ಆ್ಯಪ್. ಫೋನ್ ರಿಪೇರಿಗೆ ಕೊಡುವಾಗಲೂ ಕಾರ್ಡ್ ತೆಗೆದೇ ಕೊಡಿ, ಅಂಗಡಿಯವರು ಲಾಕ್ ನಂಬರ್ ಕೇಳುತ್ತಾರಲ್ಲ. ಮಾರುವುದಾದರೆ ಕಾರ್ಡ್ ತೆಗೆದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ.

ಫೋನಿನಿಂದ ಕಾರ್ಡ್ ತೆಗೆದರೂ ಪರ್ಸಿನಲ್ಲಿರುವ ಪ್ಲಾಸ್ಟಿಕ್ ಕಾರ್ಡಿನ ಟ್ಯಾಪ್ ಹಾಗೇ ಇರುತ್ತದೆ. ಅದಕ್ಕೆ ಸ್ಕ್ರೀನ್ ಲಾಕ್ ಎಂಬುದೂ ಇಲ್ಲ, 5,000 ರೂಪಾಯಿವರೆಗೆ ಯಾರು ತಾಗಿಸಿದರೂ ಹಣ ಹೋಗಬಹುದು. ಅದೂ ಬೇಡವೆಂದರೆ ಬ್ಯಾಂಕಿನ ಆ್ಯಪ್‌ನಲ್ಲಿ `Contactless` ಗುಂಡಿಯನ್ನು ಆಫ್ ಮಾಡಬೇಕು. ಚಿಪ್ ತೂರಿಸಿ ಪಿನ್ ಒತ್ತಿ ಹಣ ಕೊಡುವುದು ಆಗಲೂ ನಡೆಯುತ್ತದೆ.