ಮಧ್ಯಾಹ್ನ ‘ಮದ್ಯಾಹ್ನ’ ಆಗದಿರಲು: ಫೋನಿಗೆ ಹೊಂದುವ ಟೈಟಲ್ ಕಾರ್ಡ್

ಡೊಂಬಿವಲಿಯಲ್ಲಿರುವ ನನ್ನ ತಂಗಿ ಮಗ ಒಂದು ಕಿರುಚಿತ್ರ ಮಾಡಿದ. ಹೆಸರು ‘ಮಧ್ಯಾಹ್ನದ ಲೋಕಲ್’. ಲ್ಯಾಪ್‌ಟಾಪಿನಲ್ಲಿ ಟೈಟಲ್ ಚೆನ್ನಾಗೇ ಕಂಡಿತ್ತು. ಲೋಕಲ್ ಟ್ರೈನಿನಲ್ಲಿ ಫೋನಿನಲ್ಲಿ ನೋಡಿದ ಗೆಳೆಯ, ‘ಕುಡುಕರ ಕತೆಯೇನೋ?’ ಎಂದು ಕೇಳಿದ. ಧ ಅಕ್ಷರದ ಕೆಳಗಿನ ಸಣ್ಣ ಸೀಳು ಮುಚ್ಚಿಹೋಗಿ ಮಧ್ಯ ಹೋಗಿ ಮದ್ಯ ಆಗಿತ್ತು!

ಕಾರ್ಡನ್ನು ಒಟ್ಟಿಗೆ ಕೂತು ಸರಿಮಾಡಿದೆವು. ಮೊದಲು ಅಳತೆ. ಫುಲ್ ಎಚ್‌ಡಿ ವಿಡಿಯೊದ ಅಗಲ 1920 ಪಿಕ್ಸೆಲ್. ಫೋನನ್ನು ನೆಟ್ಟಗೆ ಹಿಡಿದರೆ ಅಷ್ಟೂ ಸುಮಾರು 7 ಸೆಂ.ಮೀ. ಅಗಲಕ್ಕೆ ಕುಗ್ಗುತ್ತದೆ. ಅಂದರೆ ಒಂದು ಮಿಲಿಮೀಟರಿಗೆ 27 ಪಿಕ್ಸೆಲ್. ಅವನ ಕಾರ್ಡಿನಲ್ಲಿ ದ ಅಕ್ಷರದ ಎತ್ತರ 30 ಪಿಕ್ಸೆಲ್, ಒಂದು ಮಿಲಿಮೀಟರಿಗಿಂತ ತುಸು ಜಾಸ್ತಿ. ಅದನ್ನು 70ಕ್ಕೆ ಏರಿಸಿದೆವು. ಫಾಂಟ್ ಸೈಜ್ ನೋಡಬೇಡಿ, ಒತ್ತು, ಗುಣಿತವಿಲ್ಲದ ಅಕ್ಷರವನ್ನೇ ಅಳೆಯಿರಿ. ಫಾಂಟಿನಿಂದ ಫಾಂಟಿಗೆ ಅದು ಬದಲಾಗುತ್ತದೆ.

ನಂತರ ಫಾಂಟ್. ದಪ್ಪ ಇದ್ದಷ್ಟೂ ಚೆನ್ನಾಗಿ ಕಾಣುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಕನ್ನಡದಲ್ಲಿ ಹಾಗಲ್ಲ. ನಮ್ಮ ಅಕ್ಷರಗಳ ಗುರುತು ಇರುವುದೇ ಒಳಗಿನ ಖಾಲಿ ಜಾಗದಲ್ಲಿ. ತೀರಾ ದಪ್ಪ ಮಾಡಿದರೆ ಆ ಜಾಗ ತುಂಬಿಹೋಗುತ್ತದೆ. ಸುತ್ತ ಔಟ್‌ಲೈನ್ ಹಾಕಿದರೂ ಅದೇ ಪಾಡು. ನಾವು ಮುಂಬಯಿಯವರೇ ಆದ ಏಕ್ ಟೈಪ್ ತಂಡದ ‘ಅನೇಕ್ ಕನ್ನಡ’ ತೆಗೆದುಕೊಂಡೆವು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ದಪ್ಪ ಮತ್ತು ಅಗಲ ಎರಡನ್ನೂ ಬೇಕಾದಂತೆ ಆರಿಸಬಹುದು. ಸೆಮಿಬೋಲ್ಡ್ ಸಾಕಾಯಿತು, ಸೀಳು ಮತ್ತೆ ಕಂಡಿತು. ಔಟ್‌ಲೈನ್ ತೆಗೆದು, ಅಕ್ಷರದ ಹಿಂದೆ ಕಪ್ಪು ಪಟ್ಟಿ ಇಟ್ಟೆವು.

ಟೈಟಲ್ ಎರಡು ಸಾಲಿನದು. ಹ್ನ, ಧ್ಯಾ ಇವುಗಳ ಒತ್ತು ಕೆಳಗಿಳಿದು ‘ಲೋ’ ತಲೆಗೆ ತಾಗುತ್ತಿತ್ತು. ಸಾಲಿನ ಅಂತರ ಫಾಂಟ್ ಸೈಜಿನ 1.2 ಪಟ್ಟು ಇದ್ದದ್ದನ್ನು 1.5 ಮಾಡಿದೆವು.

ಕೊನೆಗೆ ಬಣ್ಣ. ಅವನದು ಕಡು ನೀಲಿ ಮೇಲೆ ಕೆಂಪು. ಪೋಸ್ಟರಿಗೆ ಚೆಂದ, ವಿಡಿಯೊಗೆ ಕೆಟ್ಟದ್ದು. ವಿಡಿಯೊ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತದೆ. ಹಾಗಾಗಿ ಬರೀ ಬಣ್ಣದಿಂದ ಬೇರೆಯಾದ ಅಕ್ಷರದ ಅಂಚು ಕಲಸಿಹೋಗುತ್ತದೆ. ಪರೀಕ್ಷೆ ಸುಲಭ: ಕಾರ್ಡಿನ ಸ್ಕ್ರೀನ್‌ಶಾಟನ್ನು ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರ ಅಲ್ಲೂ ಎದ್ದು ಕಾಣಬೇಕು. ಅವನದು ಬೂದು ಮೇಲೆ ಬೂದು ಆಯಿತು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡನ್ನು ತಿರುಗಿಸಿ, ಕಪ್ಪಿನ ಮೇಲೆ ತಿಳಿಹಳದಿ `#FFE9A8` ಹಾಕಿದೆವು.

ಎಕ್ಸ್‌ಪೋರ್ಟ್ ಆದ ಮೇಲೆ ವಾಟ್ಸಾಪಿನಲ್ಲಿ ಕಳಿಸಿ, ಬಿಸಿಲಲ್ಲಿ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿ ನೋಡಿದೆವು. ಟೈಟಲ್ ಓದಲು ಬಂತು. ಕೆಳಗಿದ್ದ ‘ನಿರ್ದೇಶನ’ದ ಸಾಲು ಬರಲಿಲ್ಲ. ಅದಕ್ಕೆ ಬೇರೆಯದೇ ಕಾರ್ಡ್ ಮಾಡಿದ.