ಫೈಲು ಹಾಕಿದರೆ ನೆನಪು ಬಂದಂತಲ್ಲ: ಹಾಲಿನ ಡೈರಿಯ ನಡವಳಿ ಪುಸ್ತಕದ ಜೊತೆ ನನ್ನ ಅನುಭವ

ಮಂಡ್ಯ ಹತ್ತಿರದ ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ನಾನು ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಆಡಳಿತ ಮಂಡಳಿಯ ಸಭಾ ನಡವಳಿಗಳೆಲ್ಲ ಟೈಪಾಗಿ ಫೈಲುಗಳಲ್ಲಿ ಕೂತಿದ್ದವು. ಅವನ್ನು ಎಐಗೆ ಜೋಡಿಸಿ, ಸದಸ್ಯರು ಕೌಂಟರಿನಲ್ಲಿ ಕೇಳುವ ಪ್ರಶ್ನೆಗೆ ತಕ್ಷಣ ಉತ್ತರ ಸಿಗುವ ಹಾಗೆ ಮಾಡಿಕೊಡು ಅಂತ ಅಧ್ಯಕ್ಷರು ಹೇಳಿದರು. ಫೈಲು ಅಪ್‌ಲೋಡ್ ಮಾಡಿದ ಮೇಲೆ ಅದಕ್ಕೆ ಎಲ್ಲಾ ಗೊತ್ತಿರುತ್ತೆ ಅನ್ನೋ ನಂಬಿಕೆ ಎಲ್ಲರಲ್ಲೂ ಇತ್ತು. ಹಾಗಿಲ್ಲ. ಯಾಕೆ ಹಾಗಿಲ್ಲ ಅನ್ನೋದನ್ನ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಫೈಲು ಹಾಕಿದಾಗ ಮಾದರಿ, ಅಂದರೆ ಎಐಯಲ್ಲಿ ಉತ್ತರ ಬರೆಯುವ ಭಾಗ, ಅದನ್ನು ಓದಿ ಕಲಿತುಕೊಳ್ಳುವುದಿಲ್ಲ. ತರಬೇತಿಯಲ್ಲಿ ಅದು ಏನು ಕಲಿತಿದೆಯೋ ಅಷ್ಟೇ ಅದರೊಳಗೆ ಇರುವುದು, ನಮ್ಮ ಫೈಲಿನಿಂದ ಅಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬರೆದಿಡುತ್ತಾರೆ. ಪ್ರಶ್ನೆ ಬಂದಾಗ ಅದನ್ನೂ ಸಂಖ್ಯೆಗಳಾಗಿಸಿ, ಅರ್ಥದಲ್ಲಿ ಅದಕ್ಕೆ ಹತ್ತಿರದ ಕೆಲವು ತುಂಡುಗಳನ್ನು ಹುಡುಕಿ ತೆಗೆದು ಮಾದರಿಯ ಮುಂದೆ ಇಡುತ್ತಾರೆ. ಈ ವಿಧಾನಕ್ಕೆ ರ್‍ಯಾಗ್ ಅನ್ನೋ ಹೆಸರು ಬಂದಿದ್ದು 2020ರ ಒಂದು ಸಂಶೋಧನಾ ಪ್ರಬಂಧದಿಂದ. ಉತ್ತರ ಹುಟ್ಟುವುದು ಆ ನಾಲ್ಕೈದು ತುಂಡುಗಳಿಂದ. ಉಳಿದ ಪುಟಗಳು ಆ ಹೊತ್ತಿಗೆ ಅದರ ಪಾಲಿಗೆ ಇಲ್ಲವೇ ಇಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ‘ಹಸು ಸತ್ತರೆ ಸಂಘದಿಂದ ಎಷ್ಟು ಹಣ ಸಿಗುತ್ತೆ?’ ಇದು ನಮ್ಮಲ್ಲಿ ನಿಜವಾಗಿಯೂ ಜನ ಕೇಳುವ ಪ್ರಶ್ನೆ. ಪರೀಕ್ಷೆಗೆ ಅದನ್ನೇ ಹಾಕಿದೆ. 5,000 ರೂಪಾಯಿ ಅಂತ ಉತ್ತರ ಬಂತು. ಯಾವ ಸಭೆ, ಯಾವ ನಿರ್ಣಯ ಅನ್ನೋದೂ ಜೊತೆಗಿತ್ತು. ತೆಗೆದು ನೋಡಿದರೆ ಆ ಸಾಲು ನಡವಳಿಯಲ್ಲಿ ಹಾಗೇ ಇದೆ. ಪಕ್ಕದಲ್ಲೇ ಕೂತಿದ್ದ ಕಾರ್ಯದರ್ಶಿ ಒಪ್ಪಲಿಲ್ಲ. ‘ಅದ್ನ ಆಮೇಲೆ ಕಮ್ಮಿ ಮಾಡುದ್ವಲ್ಲಪ್ಪ, ಆರು ತಿಂಗ್ಳು ಹಾಲು ಹಾಕಿರೋರ್ಗೆ ಮಾತ್ರ ಅಂತ’ ಎಂದರು. ಅವರು ಯಾವ ಪುಸ್ತಕವನ್ನೂ ತೆರೆದಿರಲಿಲ್ಲ.

ಅವರು ಹೇಳಿದ್ದು ಸರಿ. ಮುಂದಿನ ಸಭೆಯ ನಡವಳಿಯಲ್ಲಿ ಹೀಗಿತ್ತು: ‘ಹಿಂದಿನ ಸಭೆಯ 4ನೇ ನಿರ್ಣಯದಲ್ಲಿ ಮೊತ್ತವನ್ನು 3,000 ರೂ. ಎಂದು ಬದಲಿಸಿ, ಕನಿಷ್ಠ 180 ದಿನ ಹಾಲು ಹಾಕಿದವರಿಗೆ ಮಾತ್ರ ಎಂದು ತೀರ್ಮಾನಿಸಲಾಯಿತು.’ ಈ ಸಾಲನ್ನು ಇನ್ನೊಮ್ಮೆ ಓದಿ. ಹಸು ಇಲ್ಲ, ರಾಸು ಇಲ್ಲ, ಸಾವು ಇಲ್ಲ, ಪರಿಹಾರ ಅನ್ನೋ ಪದವೂ ಇಲ್ಲ. ಹುಡುಕಾಟಕ್ಕೆ ಇದು ಹಾಲು ಹಾಕುವ ದಿನಗಳ ಬಗ್ಗೆ ಇರುವ ಯಾವುದೋ ಸಾಲು, ಅಷ್ಟೆ. ನಮ್ಮ ಪ್ರಶ್ನೆಗೂ ಇದಕ್ಕೂ ನಂಟಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು?

ಇಂಥ ಹೊತ್ತಲ್ಲಿ ಉತ್ತರವನ್ನು ತಿದ್ದಲು ಹೋಗಬಾರದು. ಹುಡುಕಾಟ ತಂದ ತುಂಡುಗಳನ್ನು ಪರದೆ ಮೇಲೆ ತೆಗೆದು ಓದಬೇಕು. ನಾನು ಮೊದಲು ಮಾಡುವ ಕೆಲಸವೇ ಅದು. ಬೇಕಾದ ತುಂಡು ಬಂದೂ ಉತ್ತರ ತಪ್ಪಿದ್ದರೆ ಮಾದರಿ ಓದುವುದರಲ್ಲಿ ತೊಂದರೆ ಇದೆ. ತುಂಡೇ ಬಂದಿಲ್ಲ ಅಂದರೆ ಹುಡುಕಾಟದ್ದೇ ತೊಂದರೆ. ಇಲ್ಲಿ ಐದು ತುಂಡು ಬಂದಿದ್ದವು: 5,000ದ ನಿರ್ಣಯ, ರಾಸು ವಿಮೆ ಮಾಡಿಸುವ ವಿಚಾರ, ಕಾಲುಬಾಯಿ ಜ್ವರದ ಲಸಿಕೆ, ಹಸು ಕಳೆದುಕೊಂಡ ಇಬ್ಬರು ಸದಸ್ಯರ ಅರ್ಜಿಗಳು. ತಿದ್ದುಪಡಿಯ ಸುಳಿವೇ ಇಲ್ಲ.

ಹುಡುಕಾಟ ಎಷ್ಟು ತುಂಡು ತರಬೇಕು ಅಂತ ಹೇಳುವ `top_k` ಅನ್ನು 5ರಿಂದ 20ಕ್ಕೆ ಏರಿಸಿದೆ. ಆಗ ತಿದ್ದುಪಡಿಯ ತುಂಡು ಕೆಳಗಡೆ ಎಲ್ಲೋ ಕಾಣಿಸಿತು, ಆದರೂ ಉತ್ತರ ಬದಲಾಗಲಿಲ್ಲ. ಕಾರಣ ಸರಳ. ಪ್ರತಿ ಸಭೆಗೂ ಒಂದು ‘4ನೇ ನಿರ್ಣಯ’ ಇರುತ್ತದೆ, ‘ಹಿಂದಿನ ಸಭೆ’ ಯಾವುದು ಅಂತ ಆ ತುಂಡಿನಲ್ಲಿ ಬರೆದಿಲ್ಲ. ಸಭೆಯ ದಿನಾಂಕ ನಡವಳಿಯ ಮೊದಲ ಸಾಲಿನಲ್ಲಿತ್ತು, ತುಂಡು ಮಾಡುವಾಗ ಅದು ಬೇರೆ ತುಂಡಿಗೆ ಹೋಗಿತ್ತು. ದೊಡ್ಡ ಪುಸ್ತಕದ ಹಾಳೆಗಳನ್ನು ಕಿತ್ತು, ಪುಟಸಂಖ್ಯೆ ಅಳಿಸಿ, ಕೈಗೆ ನಾಲ್ಕು ಕೊಟ್ಟ ಹಾಗೆ ಇದು. ಎಷ್ಟು ಜಾಣನಾದರೂ ಯಾವುದರ ಮುಂದೆ ಯಾವುದು ಅಂತ ಹೇಳಲಾರ.

ಕಾರ್ಯದರ್ಶಿಗಳ ನೆನಪು ಬೇರೆ ತರದ್ದು. ಅವರಿಗೆ ಆ ಎರಡು ಸಭೆಗಳು ಒಂದೇ ವಿಷಯದ ಎರಡು ತುದಿ. ಮೊದಲನೆಯದು ನೆನಪಾದರೆ ಎರಡನೆಯದು ತಾನಾಗಿ ಬರುತ್ತದೆ. ಹುಡುಕಾಟಕ್ಕೆ ಈ ನಂಟು ಬೇಕು ಅಂದರೆ ಅದನ್ನು ಅಕ್ಷರದಲ್ಲಿ ಬರೆದು ಕೊಡಬೇಕು.

ಬರೆದೂ ಕೊಟ್ಟೆವು. ಇಷ್ಟು ಉದ್ದಕ್ಕೆ ಒಂದು ತುಂಡು ಅನ್ನೋ ಲೆಕ್ಕ ಬಿಟ್ಟು, ಒಂದು ನಿರ್ಣಯಕ್ಕೆ ಒಂದು ತುಂಡು ಮಾಡಿದೆ. ಪ್ರತಿ ತುಂಡಿನ ತಲೆಯ ಮೇಲೆ ಸಭೆಯ ದಿನಾಂಕ, ನಿರ್ಣಯದ ಸಂಖ್ಯೆ, ವಿಷಯ ಹಾಕಿದೆ. ‘ಹಿಂದಿನ’, ‘ಮೇಲ್ಕಂಡ’, ‘ಸದರಿ’ ಅನ್ನೋ ಪದ ಇದ್ದ ನಿರ್ಣಯಗಳನ್ನೆಲ್ಲ ಬೇರೆ ತೆಗೆದು ಕಾರ್ಯದರ್ಶಿಗಳ ಮುಂದಿಟ್ಟೆ. ಅವರು ಹೇಳಿದರು, ನಾನು ಬರೆದೆ. ತಿದ್ದುಪಡಿಯ ತಲೆಯ ಮೇಲೆ ‘ವಿಷಯ: ರಾಸು ಸತ್ತ ಸದಸ್ಯರಿಗೆ ಪರಿಹಾರ, ಮೊತ್ತ ಬದಲಾವಣೆ’ ಅಂತ ಬಂತು. ಹಳೆಯ ನಿರ್ಣಯದ ಕೆಳಗೆ ‘ಇದು ಮುಂದಿನ ಸಭೆಯಲ್ಲಿ ಬದಲಾಗಿದೆ’ ಅನ್ನೋ ಸಾಲು ಸೇರಿತು. ಈ ಎರಡನೇ ಸಾಲೇ ಮುಖ್ಯ. ಹಳೆಯ ತುಂಡೊಂದೇ ಸಿಕ್ಕರೂ ಅದು ಹಳೆಯದು ಅಂತ ಅದರಲ್ಲೇ ಗೊತ್ತಾಗುತ್ತದೆ. ಅದೇ ಪ್ರಶ್ನೆಗೆ ಈಗ ಎರಡೂ ತುಂಡು ಮೇಲೆಯೇ ಬರುತ್ತವೆ, 3,000 ಮತ್ತು 180 ದಿನದ ಷರತ್ತು ಉತ್ತರದಲ್ಲಿ ಇರುತ್ತವೆ.

ಕನ್ನಡದ ಫೈಲು ಇರುವವರು ಒಂದು ವಿಷಯ ನೋಡಿಕೊಳ್ಳಬೇಕು. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಾದ ಫೈಲಿನ ಒಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಅಲ್ಲಿ ‘ಕನ್ನಡ’ ಅನ್ನೋ ಪದ `PÀ£ÀßqÀ` ಆಗಿರುತ್ತದೆ. ಕಣ್ಣಿಗೆ ಸರಿಯಾಗಿ ಕಾಣುತ್ತೆ, ಆದರೆ ಹುಡುಕಾಟಕ್ಕೆ ಆ ಪುಟ ಇದ್ದೂ ಇಲ್ಲದ ಹಾಗೆ. ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದರೆ ತಿಳಿಯುತ್ತದೆ. ನಮ್ಮ ಹಳೆಯ ವರ್ಷಗಳ ಫೈಲುಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿಯೇ ಹಾಕಿದ್ದು.

ಹಾಗಾದರೆ ತುಂಡು ಯಾಕೆ, ಇಡೀ ಫೈಲನ್ನೇ ಮಾದರಿಯ ಮುಂದೆ ಇಡಬಹುದಲ್ವಾ ಅಂತ ಅಧ್ಯಕ್ಷರು ಕೇಳಿದರು. ಒಂದೆರಡು ವರ್ಷದ ನಡವಳಿಗೆ ಇಡಬಹುದು, ನಂಟೂ ಚೆನ್ನಾಗಿ ಸಿಗುತ್ತದೆ. ಆದರೆ ಒಂದು ಸಲಕ್ಕೆ ಇಷ್ಟೇ ಓದಬಲ್ಲದು ಅನ್ನೋ ಮಿತಿ ಇದೆ. ಮಾದರಿ ಪಠ್ಯವನ್ನು ಟೋಕನ್ ಅನ್ನೋ ಚಿಕ್ಕ ಚೂರುಗಳಲ್ಲಿ ಎಣಿಸುತ್ತದೆ, ಕನ್ನಡ ಪಠ್ಯಕ್ಕೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಬೇಕಾಗುವುದರಿಂದ ಆ ಮಿತಿ ಬೇಗ ಮುಟ್ಟುತ್ತದೆ, ಖರ್ಚೂ ಏರುತ್ತದೆ. ಹೊಸ ಮಾತುಕತೆ ಶುರುವಾದರೆ ಮತ್ತೆ ಮೊದಲಿಂದ ಕೊಡಬೇಕು. ಕೆಲವು ಆ್ಯಪ್‌ಗಳಲ್ಲಿ ‘ಮೆಮೊರಿ’ ಅಂತ ಇರುತ್ತಲ್ಲ, ಅದು ಸಾಮಾನ್ಯವಾಗಿ ನಮ್ಮ ಬಗ್ಗೆ ಬರೆದಿಟ್ಟ ಚಿಕ್ಕ ಟಿಪ್ಪಣಿ ಮತ್ತು ಹಳೇ ಮಾತುಕತೆಯ ತುಣುಕು. ನಡವಳಿ ಪುಸ್ತಕ ಅದರಲ್ಲಿ ಕೂರುವುದಿಲ್ಲ.

ನಂಟು ಬರೆದರೂ ಸರಿಹೋಗದ ಒಂದು ಪ್ರಶ್ನೆ ಉಳಿದಿದೆ: ಇಲ್ಲಿಯವರೆಗೆ ಎಷ್ಟು ಜನಕ್ಕೆ ಪರಿಹಾರ ಕೊಟ್ಟಿದ್ದೀರಿ? ಐದು ತುಂಡು ಬಂದರೆ ಅದು ಆ ಐದರಲ್ಲಿ ಇರುವವರನ್ನೇ ಎಣಿಸುತ್ತದೆ, ಇಪ್ಪತ್ತು ಬಂದರೆ ಇಪ್ಪತ್ತರಲ್ಲಿ ಇರುವವರನ್ನು. ನೋಡದ ಪುಟ ಇನ್ನೂ ಇದೆ ಅಂತ ಉತ್ತರದಲ್ಲಿ ಇರುವುದಿಲ್ಲ. ಎಷ್ಟು, ಯಾರ್‍ಯಾರು, ಕೊನೆಯದು ಯಾವುದು ಅನ್ನೋ ಪ್ರಶ್ನೆಗಳನ್ನು ಹಾಗಾಗಿ ಹುಡುಕಾಟಕ್ಕೆ ಬಿಟ್ಟಿಲ್ಲ. ಪರಿಹಾರದ ಪಟ್ಟಿಯನ್ನು ಬೇರೆ ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದೇವೆ, ಹಣ ಕೊಟ್ಟ ದಿನವೇ ಕಾರ್ಯದರ್ಶಿಗಳು ಅದರಲ್ಲಿ ಸಾಲು ಸೇರಿಸುತ್ತಾರೆ, ಕೌಂಟರಿನಲ್ಲಿ ಈ ಪ್ರಶ್ನೆ ಬಂದರೆ ಆ ಹಾಳೆಯನ್ನೇ ತೆರೆಯುತ್ತಾರೆ.